ಎರಡು ವರದಿ, ಎರಡು ಅಂಕಿ

ರಕ್ತದಲ್ಲಿರುವ ಕೊಬ್ಬಿನ ಅಂಶಗಳನ್ನು ಅಳೆದು ತಿಳಿಸುವ ವರದಿ ಈಗ ಅನೇಕರ ಮನೆಗಳಲ್ಲಿ ಕಾಣಸಿಗುವ ಕಾಗದವಾಗಿದೆ. ಕೆಲವು ವಾರಗಳ ಅನಂತರ ಮತ್ತೊಮ್ಮೆ ಪರೀಕ್ಷೆ ಮಾಡಿಸಿದಾಗ ಅಂಕಿಗಳು ಬೇರೆಯಾಗಿದ್ದರೆ, ಜನರು ಸಾಮಾನ್ಯವಾಗಿ ಎರಡರಲ್ಲೊಂದು ತೀರ್ಮಾನಕ್ಕೆ ಬರುತ್ತಾರೆ: ಪ್ರಯೋಗಶಾಲೆಯವರು ತಪ್ಪು ಮಾಡಿದ್ದಾರೆ; ಇಲ್ಲವೆ ನಡುವೆ ತಾವು ಮಾಡಿದ ಪಥ್ಯವೋ ಕುಡಿದ ಕಷಾಯವೋ ಫಲ ಕೊಟ್ಟಿದೆ. ಇವೆರಡೂ ಅಲ್ಲದ ಮೂರನೆಯ ಸಾಧ್ಯತೆಯೊಂದುಂಟು. ಅದನ್ನು ಮೊದಲು ಪರಿಶೀಲಿಸದೆ ಉಳಿದೆರಡನ್ನು ಒಪ್ಪಕೂಡದೆಂಬುದು ನಮ್ಮ ಅಭಿಪ್ರಾಯ.

ಉದಾಹರಣೆಗಾಗಿ ಮಧ್ಯವಯಸ್ಕರೊಬ್ಬರ ಎರಡು ವರದಿಗಳನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯದರಲ್ಲಿ, 100 ಮಿಲಿಲೀಟರ್ ರಕ್ತರಸದಲ್ಲಿ ಒಟ್ಟು ಕೊಲೆಸ್ಟರಾಲ್ 212 ಮಿಲಿಗ್ರಾಂ, ಎಚ್.ಡಿ.ಎಲ್. 44, ಟ್ರೈಗ್ಲಿಸರೈಡ್ 140, ಎಲ್.ಡಿ.ಎಲ್. 140 ಎಂದಿದೆ. ಆರು ವಾರಗಳ ಅನಂತರದ ವರದಿಯಲ್ಲಿ ಇವು ಕ್ರಮವಾಗಿ 198, 42, 190 ಮತ್ತು 118. ಹೃದಯದ ರಕ್ತನಾಳಗಳಿಗೆ ಹಾನಿ ಮಾಡುವುದೆಂದು ಹೆಸರಾದ ಎಲ್.ಡಿ.ಎಲ್. 22 ಮಿಲಿಗ್ರಾಂ ಇಳಿದಿದೆ. ನಡುವೆ ಅವರು ದಿನವೂ ಒಂದು ಕಷಾಯ ಕುಡಿದಿದ್ದರೆನ್ನೋಣ. ಕೀರ್ತಿಯೆಲ್ಲ ಕಷಾಯಕ್ಕೆ ಸಲ್ಲುವುದು ಸಹಜ. ಆದರೆ ಅದು ನ್ಯಾಯವೆ?

ಬಾವಿಯ ನೀರಿನ ಆಳವನ್ನು ಹಗ್ಗ ಇಳಿಬಿಟ್ಟು ಅಳೆಯುವುದನ್ನು ನೆನೆಯಿರಿ. ನೀರೇ ಏರಿಳಿಯುವುದು ಒಂದು. ಹಗ್ಗ ನೆನೆದು ಕುಗ್ಗುವುದು ಇನ್ನೊಂದು. ಎರಡು ದಿನದ ಅಳತೆಗಳಲ್ಲಿ ವ್ಯತ್ಯಾಸ ಕಂಡರೆ ಇವೆರಡೂ ಅದರಲ್ಲಿ ಸೇರಿರುತ್ತವೆ. ರಕ್ತದ ಪರೀಕ್ಷೆಯಲ್ಲಿಯೂ ಹಾಗೆಯೇ. ಒಂದು ದೇಹದ ವ್ಯತ್ಯಾಸ, ಇನ್ನೊಂದು ಅಳತೆಯ ವ್ಯತ್ಯಾಸ.

ದೇಹದ ವ್ಯತ್ಯಾಸವನ್ನು ಮೊದಲು ನೋಡೋಣ. ಊಟ, ಔಷಧ, ತೂಕ ಯಾವುದೂ ಬದಲಾಗದಿದ್ದರೂ ಒಬ್ಬನೇ ಮನುಷ್ಯನ ಎಲ್.ಡಿ.ಎಲ್. ತನ್ನ ಸರಾಸರಿಯ ಸುತ್ತ ಸುಮಾರು ಶೇಕಡಾ 8ರ ಪ್ರಮಾಣ ವಿಚಲನೆಯೊಡನೆ ಓಲಾಡುತ್ತಿರುತ್ತದೆ. ಟ್ರೈಗ್ಲಿಸರೈಡಿನ ಓಲಾಟವಂತೂ ಶೇಕಡಾ 20ರಷ್ಟು. ಜ್ವರವಾಗಲಿ ಶಸ್ತ್ರಚಿಕಿತ್ಸೆಯಾಗಲಿ ಆದಮೇಲೆ ಕೆಲವು ವಾರ ಎಲ್.ಡಿ.ಎಲ್. ತಗ್ಗಿರುವುದುಂಟು. ರಕ್ತ ತೆಗೆಯುವಾಗಿನ ಭಂಗಿಗೂ ಇದರಲ್ಲಿ ಪಾತ್ರವಿದೆ. ನಾವು ನಿಂತಿರುವಾಗ ಕಾಲಿನ ಸೂಕ್ಷ್ಮ ರಕ್ತನಾಳಗಳಿಂದ ನೀರಿನಂಶ ಸುತ್ತಲಿನ ಅಂಗಾಂಶಕ್ಕೆ ಜಿನುಗುತ್ತದೆ. ಕೊಲೆಸ್ಟರಾಲನ್ನು ಹೊತ್ತ ಕಣಗಳು ದೊಡ್ಡವಾದ್ದರಿಂದ ಒಳಗೇ ಉಳಿಯುತ್ತವೆ, ರಕ್ತ ಗಟ್ಟಿಯಾಗುತ್ತದೆ. ಮಲಗಿದಾಗ ನೀರು ಹಿಂದಿರುಗಿ ರಕ್ತ ತೆಳುವಾಗುತ್ತದೆ. ಇದೊಂದರಿಂದಲೇ ಅಂಕಿ ಶೇಕಡಾ 10ರವರೆಗೆ ಬದಲಾಗಬಹುದು. ತೋಳಿಗೆ ಕಟ್ಟುವ ಪಟ್ಟಿಯನ್ನು ಬಹಳ ಹೊತ್ತು ಬಿಗಿದಿಟ್ಟರೂ ಪರಿಣಾಮ ಅದೇ. ಆದುದರಿಂದಲೇ ಐದು ನಿಮಿಷ ಕುಳಿತು, ಬಳಿಕ ರಕ್ತ ಕೊಡಬೇಕೆನ್ನುವುದು.

ಇನ್ನು ಹಗ್ಗದ ವಿಷಯ. ಒಂದೇ ಮಾದರಿಯನ್ನು ಒಂದೇ ಯಂತ್ರದಲ್ಲಿ ಹತ್ತು ಸಲ ಅಳೆದರೂ ಹತ್ತು ಸಲವೂ ಒಂದೇ ಉತ್ತರ ಬರುವುದಿಲ್ಲ. ಅದಲ್ಲದೆ ಕೆಲವು ಪ್ರಯೋಗಶಾಲೆಗಳ ಅಳತೆ ಸದಾ ಸ್ವಲ್ಪ ಮೇಲಕ್ಕೋ ಕೆಳಕ್ಕೋ ವಾಲಿರುತ್ತದೆ. ಅಮೆರಿಕದ ರಾಷ್ಟ್ರೀಯ ಕೊಲೆಸ್ಟರಾಲ್ ಶಿಕ್ಷಣ ಕಾರ್ಯಕ್ರಮವು ಒಟ್ಟು ಕೊಲೆಸ್ಟರಾಲಿನ ಅಳತೆಗೆ ಹಾಕಿಕೊಟ್ಟ ಗುರಿಯ ಪ್ರಕಾರ ಈ ವಾಲಿಕೆ ಶೇಕಡಾ 3ನ್ನು ಮೀರಕೂಡದು. ನಿಜವಾಗಿ 200 ಇರುವ ರಕ್ತವನ್ನು ಒಂದು ಪ್ರಯೋಗಶಾಲೆ 206 ಎಂದೂ ಇನ್ನೊಂದು 194 ಎಂದೂ ಹೇಳಿದರೆ, ಎರಡೂ ನಿಯಮಕ್ಕೆ ಒಳಪಟ್ಟೇ ಇವೆ! ಆದರೆ 200ಕ್ಕೆ ಗೆರೆ ಎಳೆದಿರುವ ವರದಿಯಲ್ಲಿ ಒಬ್ಬರಿಗೆ ಎಚ್ಚರಿಕೆ, ಇನ್ನೊಬ್ಬರಿಗೆ ಸಮಾಧಾನ.

ಎಲ್.ಡಿ.ಎಲ್.ಗೆ ಇನ್ನೂ ಒಂದು ತೊಡಕುಂಟು. ಅನೇಕ ಕಡೆ ಅದನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ. 1972ರಲ್ಲಿ ಫ್ರೀಡ್‌ವಾಲ್ಡ್, ಲೀವಿ ಮತ್ತು ಫ್ರೆಡ್ರಿಕ್‌ಸನ್ ಕೊಟ್ಟ ಸೂತ್ರದ ಪ್ರಕಾರ, ಒಟ್ಟು ಕೊಲೆಸ್ಟರಾಲಿನಿಂದ ಎಚ್.ಡಿ.ಎಲ್.ಅನ್ನೂ ಟ್ರೈಗ್ಲಿಸರೈಡಿನ ಐದನೆಯ ಒಂದು ಭಾಗವನ್ನೂ ಕಳೆದರೆ ಉಳಿಯುವುದೇ ಎಲ್.ಡಿ.ಎಲ್. ನಮ್ಮ ಉದಾಹರಣೆಗೆ ಇದನ್ನು ಅನ್ವಯಿಸಿ ನೋಡಿ: ಮೊದಲು 212ರಲ್ಲಿ 44 ಮತ್ತು 28 ಕಳೆದು 140, ಆಮೇಲೆ 198ರಲ್ಲಿ 42 ಮತ್ತು 38 ಕಳೆದು 118. ಟ್ರೈಗ್ಲಿಸರೈಡ್ 50 ಏರಿದ್ದರಿಂದಲೇ ಎಲ್.ಡಿ.ಎಲ್. ಲೆಕ್ಕದಲ್ಲಿ 10 ಇಳಿಯಿತು. ಅಂದರೆ ಸಂತೋಷಪಟ್ಟ 22ರಲ್ಲಿ ಹತ್ತಿರ ಹತ್ತಿರ ಅರ್ಧವು ಇನ್ನೊಂದು ಕೊಬ್ಬು ಹೆಚ್ಚಿದುದರ ಫಲ! ಆ ಮನುಷ್ಯರು ಬೆಳಗಿನ ಉಪಾಹಾರ ಮಾಡಿ ಹೋಗಿದ್ದರೆ ಇದು ಇನ್ನೂ ತಪ್ಪುದಾರಿಗೆಳೆಯುತ್ತದೆ. ಏಕೆಂದರೆ ಊಟದ ಅನಂತರ ರಕ್ತಕ್ಕೆ ಬರುವ ಕೊಬ್ಬಿನ ಕಣಗಳಲ್ಲಿ ಟ್ರೈಗ್ಲಿಸರೈಡ್ ಬಹಳ, ಕೊಲೆಸ್ಟರಾಲ್ ಅಲ್ಪ. ಐದನೆಯ ಒಂದು ಭಾಗವೆಂಬ ಅಂದಾಜು ಅಲ್ಲಿ ಸಲ್ಲದು.

ಹಾಗಾದರೆ ಎಷ್ಟು ವ್ಯತ್ಯಾಸ ಬಂದರೆ ನಿಜವಾದ ಬದಲಾವಣೆ ಎನ್ನಬಹುದು? ದೇಹದ ಪಾಲು ಶೇಕಡಾ 8, ಅಳತೆಯ ಪಾಲು ಶೇಕಡಾ 4 ಎಂದಿಟ್ಟುಕೊಳ್ಳೋಣ. ಇವನ್ನು ನೇರವಾಗಿ ಕೂಡಿಸದೆ ವರ್ಗಗಳನ್ನು ಕೂಡಿಸಬೇಕು: 64 ಮತ್ತು 16 ಸೇರಿ 80, ಅದರ ವರ್ಗಮೂಲ ಸುಮಾರು 9. ಇದು ಒಂದು ವರದಿಯ ಅನಿಶ್ಚಯ. ಎರಡು ವರದಿಗಳ ವ್ಯತ್ಯಾಸಕ್ಕೆ ಇದನ್ನು ಎರಡರ ವರ್ಗಮೂಲದಿಂದ ಗುಣಿಸಬೇಕು, ಸುಮಾರು 12.6 ಬರುತ್ತದೆ. ಇದರ ಎರಡರಷ್ಟು, ಎಂದರೆ ಸುಮಾರು ಶೇಕಡಾ 25ರವರೆಗಿನ ವ್ಯತ್ಯಾಸ, ಏನೂ ಬದಲಾಗದಿದ್ದರೂ ಕಾಣಿಸಿಕೊಳ್ಳಬಹುದು. 140ಕ್ಕೆ ಶೇಕಡಾ 25 ಎಂದರೆ 35. ಎರಡನೆಯ ವರದಿ 105ಕ್ಕಿಂತ ಕೆಳಗಿದ್ದಿದ್ದರೆ ನಂಬಬಹುದಾಗಿತ್ತು, 118 ಸಾಲದು. ಇದರಿಂದ ಕಷಾಯ ನಿಷ್ಪ್ರಯೋಜಕವೆಂದು ಸಿದ್ಧವಾಗಲಿಲ್ಲ, ಪ್ರಯೋಜನವಾಯಿತೆಂದೂ ಸಿದ್ಧವಾಗಲಿಲ್ಲ. ಎಲ್.ಡಿ.ಎಲ್.ಅನ್ನು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿಸಬಲ್ಲ ಸ್ಟ್ಯಾಟಿನ್ ಔಷಧಗಳ ಪರಿಣಾಮವಾದರೋ ಈ ಗದ್ದಲದ ಮಧ್ಯೆಯೂ ಕಾಣಬರುತ್ತದೆ. ಶೇಕಡಾ 10ರ ಲಾಭ ಎರಡೇ ವರದಿಗಳಿಂದ ಕಾಣದು.

ಇನ್ನೊಂದು ಸೂಕ್ಷ್ಮವಿದೆ. ಮರುಪರೀಕ್ಷೆಗೆ ಹೋಗುವವರು ಯಾರು? ಮೊದಲನೆಯ ಅಂಕಿ ಹೆಚ್ಚಾಗಿ ಬಂದವರು. ಅವರಲ್ಲಿ ಕೆಲವರಿಗೆ ಓಲಾಟದ ಮೇಲ್ತುದಿಯಲ್ಲಿದ್ದ ದಿನವೇ ಪರೀಕ್ಷೆ ಆಗಿರುತ್ತದೆ. ಅಂಥವರ ಎರಡನೆಯ ಅಂಕಿ ಏನೂ ಮಾಡದಿದ್ದರೂ ಸರಾಸರಿಯ ಕಡೆಗೆ ಇಳಿಯುವುದೇ ಹೆಚ್ಚು. ನಡುವೆ ಯಾವ ಪುಡಿ ಮಾರಿದರೂ ಹೊಗಳುವ ಗಿರಾಕಿಗಳು ಸಿಕ್ಕೇ ಸಿಗುತ್ತಾರೆ.

ಇಷ್ಟರಿಂದ ವರದಿಗಳೇ ನಿರರ್ಥಕವೆಂದು ಓದುಗರು ಭಾವಿಸಕೂಡದು. ಎಲ್.ಡಿ.ಎಲ್. 220 ಇರುವವನಿಗೆ ಶೇಕಡಾ 25 ಬಿಟ್ಟುಕೊಟ್ಟರೂ ಅದು ಹೆಚ್ಚೇ. ಗಡಿಯ ಅಕ್ಕಪಕ್ಕದ ಅಂಕಿಗಳ ವಿಷಯದಲ್ಲಿಯೇ ನಮ್ಮ ಎಚ್ಚರಿಕೆ. ಅಂಥ ಕಡೆ ಒಂದೆರಡು ವಾರಗಳ ಅಂತರದಲ್ಲಿ ಅದೇ ಪ್ರಯೋಗಶಾಲೆಯಲ್ಲಿ, ಅದೇ ರೀತಿ ಉಪವಾಸವಿದ್ದು, ಎರಡು ಸಲ ಪರೀಕ್ಷಿಸಿ ಸರಾಸರಿ ತೆಗೆಯುವುದು ಲೇಸು. ಚಿಕಿತ್ಸೆಗೆ ಮೊದಲೂ ಆಮೇಲೂ ಹೀಗೆ ಮಾಡಿದರೆ ಆ ಶೇಕಡಾ 25 ಸುಮಾರು 18ಕ್ಕೆ ಇಳಿಯುತ್ತದೆ. ವೈದ್ಯರು ಕೊಟ್ಟ ಮಾತ್ರೆಯನ್ನು ಒಂದು ಒಳ್ಳೆಯ ವರದಿಯ ಬಲದಿಂದ ತಾವೇ ನಿಲ್ಲಿಸುವುದು ಮಾತ್ರ ಅಪಾಯ.

ಪ್ರಯೋಗಶಾಲೆಗಳವರಿಂದಲೂ ನಾವು ಒಂದನ್ನು ಅಪೇಕ್ಷಿಸುತ್ತೇವೆ. ಕಾಲೇಜಿನ ಭೌತವಿಜ್ಞಾನದ ಪ್ರಯೋಗದಲ್ಲಿ ಅಳತೆಯ ಪಕ್ಕದಲ್ಲಿ ಅದರ ದೋಷದ ಮಿತಿಯನ್ನೂ ಬರೆಯುವಂತೆ ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ. ಲೋಲಕದ ಉದ್ದಕ್ಕೆ ಬೇಕಾದ ಈ ಪ್ರಾಮಾಣಿಕತೆ ಮನುಷ್ಯನ ರಕ್ತಕ್ಕೆ ಬೇಡವೆ? 118 ಎಂಬ ಅಂಕಿಯ ಪಕ್ಕದಲ್ಲಿ ಅದು ಎಷ್ಟು ಆಚೀಚೆ ಆಗಬಹುದೆಂಬುದನ್ನೂ, ಎಲ್.ಡಿ.ಎಲ್. ಅಳೆದದ್ದೋ ಲೆಕ್ಕ ಹಾಕಿದ್ದೋ ಎಂಬುದನ್ನೂ ಅಚ್ಚು ಹಾಕಿದರೆ, ಎರಡು ವರದಿಗಳನ್ನು ಮುಂದಿಟ್ಟುಕೊಂಡು ಕುಳಿತವರು ಸರಿಯಾದ ಪ್ರಶ್ನೆಯನ್ನು ವೈದ್ಯರಲ್ಲಿ ಕೇಳಬಲ್ಲರು.