ಲೇಟಾಗಿ ಬರೋ ಪಗಾರ, ಬೇಗ ಏರೋ ಖರ್ಚು

1/4

"ಡಾಕ್ಟರ್ ಆದ್ಮ್ಯಾಲ ರೊಕ್ಕಕ್ಕೇನು ಬರ?" ನಮ್ಮ ಕಕ್ಕೇರಾ ಕಡೆ ಈ ಮಾತು ಕೇಳಿಸಿಕೊಳ್ಳದ ಮೆಡಿಕಲ್ ಹುಡುಗರು, ಹುಡುಗಿಯರು ಯಾರೂ ಇಲ್ಲ. ರೊಕ್ಕ ಬರ್ತದ, ಖರೇ. ಆದ್ರ ಯಾವ ವಯಸ್ಸಿಗೆ ಬರ್ತದ ಅಂತ ಯಾರೂ ಕೇಳಂಗಿಲ್ಲ.

ಎಣಿಸಿ ನೋಡ್ರಿ. ಪಿಯುಸಿ ಮುಗಿದಾಗ 18. ನೀಟ್‌ಗೆ ಒಂದು ವರ್ಷ ಲಾಂಗ್ ಟರ್ಮ್ ಕೂತರೆ 19. ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್ ಐದೂವರೆ ವರ್ಷ. ಸರ್ಕಾರ ಕರೆದರೆ ಒಂದು ವರ್ಷ ಕಡ್ಡಾಯ ಸೇವೆ. ಪಿಜಿ ನೀಟ್ ತಯಾರಿಗೆ ಮತ್ತೊಂದು ವರ್ಷ, ಎಂಡಿ ಅಥವಾ ಎಂಎಸ್ ಮೂರು ವರ್ಷ. ಅಷ್ಟೊತ್ತಿಗೆ 30 ಹತ್ತಿರ ಬಂತು. ನಡುವೆ ಸ್ಟೈಪೆಂಡ್ ಬರ್ತದ, ಅದು ಮೆಸ್ಸು, ಪುಸ್ತಕ, ಮನೆಗೆ ಕಳಿಸೋದು ಇದರಲ್ಲೇ ಮುಗೀತದ. ಆಮೇಲೆ ಎಜುಕೇಶನ್ ಲೋನ್, ತಂಗಿ ಮದುವೆ. ಮುಪ್ಪಿನ ಕಾಲಕ್ಕಂತ ಮೊದಲ ರೂಪಾಯಿ ಎತ್ತಿಡೋ ಹೊತ್ತಿಗೆ 33 ಆಗಿರ್ತದ.

ಅದೇ ಬೆಂಚಿನಲ್ಲಿ ಕೂತಿದ್ದ, 23ಕ್ಕೇ ನೌಕರಿ ಹತ್ತಿದ ಗೆಳೆಯ ಅಷ್ಟೊತ್ತಿಗೆ ಹತ್ತು ವರ್ಷ ಕೂಡಿಟ್ಟಿರ್ತಾನ.

2/4

ಆ ಹತ್ತು ವರ್ಷದ ಬೆಲೆ ಎಷ್ಟು? ಒಂದು ಲೆಕ್ಕ ಹಿಡಿಯೋಣ. ಒಬ್ಬರ ಮನೆ ಖರ್ಚು ಇವತ್ತಿಗೆ ತಿಂಗಳಿಗೆ 60,000. 60ನೇ ವಯಸ್ಸಿಗೆ ನಿವೃತ್ತಿ ಆದ ಮೇಲೂ ಇದೇ ಮಟ್ಟದಲ್ಲಿ ಬದುಕಬೇಕು ಅಂತ ಇಟ್ಟುಕೊಳ್ಳೋಣ. ವರ್ಷಕ್ಕೆ 7 ಲಕ್ಷ 20 ಸಾವಿರ ಆಯ್ತು. ಸಾಮಾನ್ಯವಾಗಿ ಹಾಕೋ ಅಂದಾಜು ಅಂದ್ರ ವರ್ಷದ ಖರ್ಚಿನ 25 ಪಟ್ಟು ಕೈಯಲ್ಲಿರಬೇಕು. ಅಂದ್ರ ಇವತ್ತಿನ ಬೆಲೆಯಲ್ಲಿ 1 ಕೋಟಿ 80 ಲಕ್ಷ.

ಬೆಲೆ ಏರಿಕೆ ವರ್ಷಕ್ಕೆ ಶೇ 6, ಉಳಿತಾಯದ ಗಳಿಕೆ ಶೇ 9 ಅಂತ ಇಡ್ರಿ. ಎತ್ತಿಡೋ ಮೊತ್ತವನ್ನೂ ಪ್ರತಿ ವರ್ಷ ಶೇ 6 ಏರಿಸ್ತಾ ಹೋಗಬೇಕು. 23ಕ್ಕೆ ಶುರು ಮಾಡಿದವರು ತಿಂಗಳಿಗೆ ಸುಮಾರು 23,500ರಿಂದ ಶುರು ಮಾಡಿದ್ರ ಗುರಿ ಮುಟ್ತಾರ. 33ಕ್ಕೆ ಶುರು ಮಾಡೋ ಡಾಕ್ಟರ್‌ಗೆ ಅದು 38,000. "ಮೊದಲು ಕಾರು, ಮನೆ ಆಗಲಿ, ಆಮೇಲೆ ನೋಡೋಣ" ಅಂತ 38ರವರೆಗೆ ತಳ್ಳಿದ್ರ 50,000. ಎಲ್ಲಾ ಇವತ್ತಿನ ಬೆಲೆಯಲ್ಲೇ.

ಶೇ 9 ಅನ್ನೋದು ಗ್ಯಾರಂಟಿ ಅಲ್ಲ. ಗಳಿಕೆ ಶೇ 8ಕ್ಕೆ ಇಳಿದರೆ ಆ 38,000 ಹೋಗಿ 43,000 ಆಗ್ತದ. ಅದಕ್ಕೇ ವರ್ಷಕ್ಕೊಮ್ಮೆ ಈ ಲೆಕ್ಕ ಹೊಸದಾಗಿ ಹಾಕಬೇಕು.

3/4

ಇಲ್ಲಿ ತುಂಬಾ ಜನ ತಪ್ಪು ದಾರಿ ಹಿಡೀತಾರ. ಲೇಟಾಗ್ಯದ, ಹಂಗಾಗಿ ಜಾಸ್ತಿ ಗಳಿಕೆ ಕೊಡೋ ಜಾಗ ಹುಡುಕಬೇಕು ಅಂತ ಹೊರಡ್ತಾರ. ಅದೇ ಆತುರದಲ್ಲಿ ಚೀಟಿ, ಟ್ರೇಡಿಂಗ್ ಟಿಪ್ಸು, ಯಾರದೋ ಲೇಔಟು. ನನ್ನ ಪ್ರಕಾರ ಲೇಟಾಗಿ ಶುರು ಮಾಡಿದವರ ಕೈಯಲ್ಲಿರೋ ದೊಡ್ಡ ಹಿಡಿತ ಖರ್ಚಿನ ಮೇಲೆ, ಅದೂ ಮೊದಲ ಐದು ವರ್ಷದ ಖರ್ಚಿನ ಮೇಲೆ.

ಯಾಕಂದ್ರ ಖರ್ಚು ಎರಡು ಕಡೆ ಹೊಡೀತದ. ಕೈಗೆ ಬರೋ ಪಗಾರ, ಟ್ಯಾಕ್ಸ್ ಕಳೆದು, 1,20,000 ಅಂತಿಟ್ಟುಕೊಳ್ರಿ. ಖರ್ಚು 60,000, ಉಳಿತಾಯ 38,000. ಇನ್ನೂ 22,000 ಉಳೀತು. ಲೋನ್ ಕಂತು, ಅಪ್ಪ-ಅವ್ವಗೆ ಕೊಡೋದು, ಇನ್ಶೂರೆನ್ಸ್ ಎಲ್ಲ ಅದರಲ್ಲಿ ನಡೀತದ. ಈಗ ಖರ್ಚು 80,000ಕ್ಕೆ ಏರಿತು ಅನ್ರಿ. 20,000 ಅಷ್ಟೇ ತಾನೇ ಅನ್ನಿಸ್ತದ. ಆದ್ರ ಮುಪ್ಪಿನಲ್ಲೂ 80,000 ಬೇಕಾಗ್ತದ. ಗುರಿ 2 ಕೋಟಿ 40 ಲಕ್ಷ ಆಯ್ತು, ಎತ್ತಿಡಬೇಕಾದ್ದು 50,000 ದಾಟಿತು. ಎರಡೂ ಕೂಡಿಸಿದ್ರ 1,30,000. ಪಗಾರಕ್ಕಿಂತ ಜಾಸ್ತಿ! ಲೋನ್ ಕಂತಿಗೆ ಒಂದು ರೂಪಾಯಿನೂ ಇಲ್ಲ.

ಕಾರಿನ ಇಎಂಐ ಐದು ವರ್ಷಕ್ಕೆ ಮುಗೀತದ, ಅದು ಶುರು ಮಾಡೋದನ್ನ ತಡ ಮಾಡ್ತದ ಅಷ್ಟೇ. ದೊಡ್ಡ ಬಾಡಿಗೆ ಮನೆ, ಕ್ಲಬ್ಬು, ಪ್ರತಿ ವರ್ಷದ ಟೂರು, ಇಂಥಾ ರೂಢಿ ಆಗೋ ಖರ್ಚು ಮುಗಿಯಂಗಿಲ್ಲ. ತಿಂಗಳಿಗೆ ಪ್ರತಿ 10,000 ಹೊಸ ರೂಢಿಗೆ ಉಳಿತಾಯ 6,300 ಏರಬೇಕು. ಪಗಾರ ಬಂದ ಹೊಸದರಲ್ಲಿ ಪಿಜಿ ಕಾಲದ ಖರ್ಚಿಗಿಂತ ಸ್ವಲ್ಪೇ ಮೇಲೆ ಇದ್ದುಬಿಟ್ಟರೆ ಇದು ಕಷ್ಟ ಅನ್ನಿಸಂಗಿಲ್ಲ. ಒಮ್ಮೆ ಏರಿಸಿ ಇಳಿಸೋದೇ ಕಷ್ಟ, ಮನೆಯವರೂ ಒಪ್ಪಂಗಿಲ್ಲ.

"ಡಾಕ್ಟರ್‌ಗೆ ರಿಟೈರ್ಮೆಂಟ್ ಎಲ್ಲದ, 65ರ ತನಕ ಪ್ರಾಕ್ಟೀಸ್ ಮಾಡ್ತೀನಿ" ಅನ್ನೋರೂ ಇದ್ದಾರ. ಲೆಕ್ಕದಲ್ಲಿ ಅದು ಭಾರಿ ಸಹಾಯ, 38,000 ಇದ್ದದ್ದು 29,500ಕ್ಕೆ ಇಳೀತದ. ಆದ್ರ ಆಪರೇಷನ್ ಮಾಡೋ ಕೈ ನಡುಗಿದ್ರ, ಬೆನ್ನು ಹೋದ್ರ ಆ ಐದು ವರ್ಷ ಸಿಗಂಗಿಲ್ಲ. 60ಕ್ಕೇ ಲೆಕ್ಕ ಹಾಕಿ, ಮುಂದಿನದು ಸಿಕ್ಕಷ್ಟು ಲಾಭ ಅಂತ ಇಟ್ಟುಕೊಳ್ಳೋದು ಒಳ್ಳೇದು.

4/4

ರೊಕ್ಕ ಎಲ್ಲಿಡೋದು? ನೌಕರಿ ಎಂಥದು ಅನ್ನೋದರ ಮೇಲೆ. ರಾಜ್ಯ ಸರ್ಕಾರದಲ್ಲಿ 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹಳೇ ಪಿಂಚಣಿ ಬದಲು ಎನ್‌ಪಿಎಸ್. ಮೂಲ ವೇತನ, ಡಿಎ ಸೇರಿಸಿ ಅದರ ಶೇ 10 ನಿಮ್ಮದು, ಶೇ 14 ಸರ್ಕಾರದ್ದು. ಎರಡೂ ಸೇರಿ 1 ಲಕ್ಷ ಇದ್ದರೆ ತಿಂಗಳಿಗೆ 24,000 ತಾನೇ ಕೂಡ್ತದ, ಉಳಿದ 14,000 ಮಾತ್ರ ನೀವು ಹೊಂದಿಸಬೇಕು. 60ಕ್ಕೆ ಅದರಲ್ಲಿ ಒಂದು ಪಾಲನ್ನ ತಿಂಗಳ ಪಿಂಚಣಿಗೆ ಹಾಕಲೇಬೇಕು, ಪೂರ್ತಿ ಕೈಗೆ ಬರಂಗಿಲ್ಲ.

ಪ್ರೈವೇಟ್ ಆಸ್ಪತ್ರೆಯ ಕನ್ಸಲ್ಟಂಟ್ ಆದ್ರ ಕಥೆ ಬೇರೆ. ಬಹಳ ಕಡೆ ಕೊಡೋದು ಪಗಾರ ಅಲ್ಲ, ಪ್ರೊಫೆಷನಲ್ ಫೀ. ಶೇ 10 ಟಿಡಿಎಸ್ ಹಿಡೀತಾರ, ಪಿಎಫ್ ಹಿಡಿಯಂಗಿಲ್ಲ. ಅಂದ್ರ ಸರ್ಕಾರಿ ಡಾಕ್ಟರ್‌ಗಿಂತ ಕೈಗೆ ಜಾಸ್ತಿ ಬಂದಂಗ ಕಾಣ್ತದ, ಮುಪ್ಪಿನ ಖಾತೆ ಖಾಲಿ. ಆ 38,000 ಪೂರ್ತಿ ನೀವೇ ಹಾಕಬೇಕು. ಪಿಪಿಎಫ್‌ಗೆ ವರ್ಷಕ್ಕೆ ಹೆಚ್ಚೆಂದ್ರ ಒಂದೂವರೆ ಲಕ್ಷ, ತಿಂಗಳಿಗೆ 12,500. ಅದು ಭದ್ರ, ಆದ್ರ ಅದೊಂದರಿಂದಲೇ ಶೇ 9 ಬರಂಗಿಲ್ಲ. ಉಳಿದ 25,500 ಎನ್‌ಪಿಎಸ್‌ಗೋ ಇಂಡೆಕ್ಸ್ ಫಂಡ್‌ಗೋ ಹೋಗಬೇಕು. ಫೀ ಜಮಾ ಆದ ಮರುದಿನಾನೇ ಖಾತೆಯಿಂದ ಕಟ್ ಆಗೋ ಹಂಗ ಇಟ್ಟರೆ ಚಲೋ.

ಇನ್ನು ಹೊಲ. ನಾರಾಯಣಪುರ ಕಾಲುವೆ ಸೀಮೆಯವರಿಗೆ ಇದನ್ನ ಬಿಟ್ಟು ಮಾತಾಡಕ್ಕಾಗಲ್ಲ. ಡಾಕ್ಟರ್ ಮಗ, ಮಗಳ ಮೊದಲ ಗಂಟು ಕಾಣ್ತಿದ್ದಂಗ "ಎರಡು ಎಕರೆ ಭತ್ತದ ಹೊಲ ತಗೊಂಬಿಡು" ಅಂತಾರ ಮನೆಯಾಗ. ತಗೊಳ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ 65ರ ವಯಸ್ಸಿನಲ್ಲಿ ಔಷಧಿ ಬಿಲ್ಲಿಗಂತ ಹೊಲದ ಒಂದು ಮೂಲೆ ಕಿತ್ತು ಮಾರಕ್ಕಾಗಲ್ಲ. ಅಣ್ತಮ್ಮಂದಿರ ಹೆಸರೂ ಪಹಣಿಯಲ್ಲಿ ಇದ್ರ ಪೂರ್ತಿ ಮಾರೋದೂ ಕಷ್ಟ. ಹಂಗಾಗಿ ಮುಪ್ಪಿನ ಲೆಕ್ಕಕ್ಕೆ ಹೊಲದ ಮಾರುಕಟ್ಟೆ ಬೆಲೆ ಹಿಡೀಬ್ಯಾಡ್ರಿ, ಲಾವಣಿ ಹಿಡೀರಿ. ಎಕರೆಗೆ ವರ್ಷಕ್ಕೆ 20,000 ಲಾವಣಿ ಬಂದ್ರ 25ರಿಂದ ಗುಣಿಸಿ 5 ಲಕ್ಷ ಅಂತ ಬರ್ಕೊಳ್ರಿ, ಊರಾಗ ರೇಟು ಎಷ್ಟರ ಇರಲಿ. ಎರಡು ಎಕರೆಗೆ 10 ಲಕ್ಷ. ಬೇಕಾದ್ದು 1 ಕೋಟಿ 80 ಲಕ್ಷ ಇತ್ತು, ಇನ್ನು 1 ಕೋಟಿ 70 ಲಕ್ಷ.