ಎಬಿಸಿ ಐಡಿ ಇದ್ದರೆ ಸಾಕೇ? ಪದವಿಯ ನಡುವೆ ಕಾಲೇಜು ಬದಲಿಸಿದರೆ ಹಳೆಯ ಕ್ರೆಡಿಟ್‌ಗಳು ಏನಾಗುತ್ತವೆ?

"ಇನ್ನು ಮುಂದೆ ಟಿಸಿ ಬೇಡ, ಎನ್‌ಒಸಿ ಬೇಡ. ಎಬಿಸಿ ಐಡಿ ಇದ್ದರೆ ದೇಶದ ಯಾವ ಕಾಲೇಜಿಗಾದರೂ ಯಾವಾಗ ಬೇಕಾದರೂ ಸೇರಬಹುದು. ನಿಮ್ಮ ಕ್ರೆಡಿಟ್ ತಾನಾಗಿಯೇ ಬರುತ್ತದೆ." ಪದವಿ ಪ್ರವೇಶದ ಹೊತ್ತಿನಲ್ಲಿ ಇಂಥ ಅರ್ಥದ ಸಂದೇಶಗಳು ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದರಲ್ಲಿ ಒಂದು ಅಂಶ ನಿಜ, ಉಳಿದದ್ದು ತಪ್ಪು. ಅದನ್ನು ನಂಬಿ ಮೊದಲು ಟಿಸಿ ತೆಗೆದುಕೊಂಡವರು ಹಳೆಯ ಸೀಟೂ ಇಲ್ಲದೆ, ಹೊಸ ಪ್ರವೇಶವೂ ಇಲ್ಲದೆ ಒಂದು ವರ್ಷ ಕಳೆದುಕೊಳ್ಳುವ ಅಪಾಯವಿದೆ.

ಯಾವುದು ನಿಜ, ಯಾವುದು ಸುಳ್ಳು? ಖಾನಾಪುರ ಮತ್ತು ಬೆಳಗಾವಿಯ ಉದಾಹರಣೆ ಇಟ್ಟುಕೊಂಡೇ ನೋಡೋಣ.

ಎಬಿಸಿ ಎಂದರೆ ಏನು?

ಎಬಿಸಿ ಎಂದರೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್. ಯುಜಿಸಿ ಇದಕ್ಕೆ 2021ರ ಜುಲೈನಲ್ಲಿ ನಿಯಮಾವಳಿ ಹೊರಡಿಸಿತು. ಡಿಜಿಲಾಕರ್ ಅಥವಾ abc.gov.in ಮೂಲಕ ವಿದ್ಯಾರ್ಥಿ ಖಾತೆ ತೆರೆಯುತ್ತಾನೆ, 12 ಅಂಕಿಗಳ ಐಡಿ ಸಿಗುತ್ತದೆ. ಈಗ ಇದನ್ನೇ ಅಪಾರ್ ಐಡಿ ಎಂದೂ ಕರೆಯುತ್ತಾರೆ.

ಹೆಸರಿನಲ್ಲಿ ಬ್ಯಾಂಕ್ ಇದ್ದರೂ ಒಂದು ದೊಡ್ಡ ವ್ಯತ್ಯಾಸವಿದೆ. ಹಣದ ಬ್ಯಾಂಕಿಗೆ ನೀವೇ ಹೋಗಿ ದುಡ್ಡು ಕಟ್ಟಬಹುದು. ಇಲ್ಲಿ ನೀವು ಮಾರ್ಕ್ಸ್ ಕಾರ್ಡ್ ತೋರಿಸಿ ಕ್ರೆಡಿಟ್ ಜಮೆ ಮಾಡಲು ಆಗುವುದಿಲ್ಲ. ಪರೀಕ್ಷೆ ನಡೆಸಿದ ವಿಶ್ವವಿದ್ಯಾಲಯ ಅಥವಾ ಸಂಸ್ಥೆ ಮಾತ್ರ ಜಮೆ ಮಾಡಬೇಕು. ಹಾಗೆ ಜಮೆಯಾದ ಕ್ರೆಡಿಟ್ ಗರಿಷ್ಠ 7 ವರ್ಷ ಮಾನ್ಯವಾಗಿರುತ್ತದೆ. ಒಂದು ಪದವಿಗೆ ಬಳಸಿದ ಕ್ರೆಡಿಟನ್ನು ಇನ್ನೊಂದು ಪದವಿಗೆ ಮತ್ತೆ ಬಳಸಲು ಬರುವುದಿಲ್ಲ.

ಅಂದರೆ ನೀವು ಏನು ಓದಿ ಪಾಸಾಗಿದ್ದೀರಿ ಎಂಬುದಕ್ಕೆ ಎಬಿಸಿ ಒಂದು ನಂಬಲರ್ಹ ದಾಖಲೆ. ಸಂದೇಶದಲ್ಲಿ ನಿಜವಾಗಿರುವುದು ಇಷ್ಟೇ. ಆ ಕ್ರೆಡಿಟನ್ನು ತನ್ನ ಪದವಿಗೆ ಒಪ್ಪಿಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವುದು ಎಬಿಸಿ ಅಲ್ಲ, ನೀವು ಸೇರಲು ಹೊರಟ ವಿಶ್ವವಿದ್ಯಾಲಯ.

ಖಾನಾಪುರದಿಂದ ಬೆಳಗಾವಿಗೆ: ವಿಶ್ವವಿದ್ಯಾಲಯ ಅದೇ

ಲೋಂಡಾ ಕಡೆಯ ಹಳ್ಳಿಯ ವಿದ್ಯಾರ್ಥಿನಿಯೊಬ್ಬಳು ಖಾನಾಪುರದ ಕಾಲೇಜಿನಲ್ಲಿ ಬಿಕಾಂ ಮೊದಲ ವರ್ಷ ಮುಗಿಸಿದ್ದಾಳೆ ಎಂದುಕೊಳ್ಳಿ. ತಂದೆಗೆ ಬೆಳಗಾವಿಯಲ್ಲಿ ಕೆಲಸ ಸಿಕ್ಕಿ ಮನೆ ಅಲ್ಲಿಗೆ ಹೋಗುತ್ತಿದೆ. ಲೆಕ್ಕ ಸುಲಭವಾಗಲೆಂದು ಸೆಮಿಸ್ಟರ್‌ಗೆ 20ರಂತೆ ಎರಡು ಸೆಮಿಸ್ಟರ್‌ಗೆ 40 ಕ್ರೆಡಿಟ್, ಇಡೀ ಪದವಿಗೆ 120 ಎಂದು ಇಟ್ಟುಕೊಳ್ಳೋಣ. ನಿಮ್ಮ ಕೋರ್ಸಿನ ಅಂಕಿ ಬೇರೆ ಇರಬಹುದು, ಲೆಕ್ಕದ ರೀತಿ ಇದೇ.

ಖಾನಾಪುರ, ಬೆಳಗಾವಿ ಎರಡೂ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಎರಡೂ ಕಾಲೇಜುಗಳು ಅದಕ್ಕೆ ಸಂಯೋಜಿತವಾಗಿದ್ದರೆ ಪಠ್ಯಕ್ರಮ ಒಂದೇ, ಪರೀಕ್ಷೆ ಒಂದೇ, ಪದವಿ ಕೊಡುವವರೂ ಒಬ್ಬರೇ. ಆದ್ದರಿಂದ ಅವಳ 40 ಕ್ರೆಡಿಟ್ ಎಲ್ಲಿಗೂ "ಹೋಗಬೇಕಾಗಿಲ್ಲ", ಮೊದಲೇ ಅದೇ ವಿಶ್ವವಿದ್ಯಾಲಯದ ದಾಖಲೆಯಲ್ಲಿವೆ. ಒಂದು ವಿಷಯ ಬಾಕಿ ಇದ್ದರೆ ಆ ಕ್ರೆಡಿಟ್ ಇನ್ನೂ ಸೇರಿರುವುದಿಲ್ಲ, ಅದರ ಪರೀಕ್ಷೆಯನ್ನು ಅದೇ ವಿಶ್ವವಿದ್ಯಾಲಯದಲ್ಲಿ ಬರೆದು ಪಾಸಾಗಬೇಕು.

ಇಲ್ಲಿ ಬದಲಾಗುವುದು ಕ್ರೆಡಿಟ್ ಅಲ್ಲ, ಕಾಲೇಜು. ಅದಕ್ಕೆ ಅನುಮತಿ ಬೇಕು. ಹೊಸ ಕಾಲೇಜಿನಲ್ಲಿ ಸೀಟು ಖಾಲಿ ಇರಬೇಕು, ಎರಡೂ ಕಾಲೇಜುಗಳ ಎನ್‌ಒಸಿ ಬೇಕು, ವಿಶ್ವವಿದ್ಯಾಲಯ ಒಪ್ಪಬೇಕು. ಸಾಮಾನ್ಯವಾಗಿ ಶೈಕ್ಷಣಿಕ ವರ್ಷದ ಆರಂಭದಲ್ಲಿ, ಅಂದರೆ 3ನೇ ಅಥವಾ 5ನೇ ಸೆಮಿಸ್ಟರ್ ಶುರುವಾಗುವಾಗ ಈ ಬದಲಾವಣೆ ಆಗುತ್ತದೆ. "ಯಾವಾಗ ಬೇಕಾದರೂ" ಎಂಬ ಮಾತು ಇಲ್ಲೇ ಬೀಳುತ್ತದೆ.

ಎರಡು ಕಡೆ ಎಡವುವ ಸಾಧ್ಯತೆ ಇದೆ. ಮೊದಲನೆಯದು ಭಾಷೆ ಮತ್ತು ವಿಷಯಗಳ ಜೋಡಣೆ. ಖಾನಾಪುರದಲ್ಲಿ ಮರಾಠಿಯನ್ನು ಭಾಷಾ ಪತ್ರಿಕೆಯಾಗಿ ತೆಗೆದುಕೊಂಡವರು ಬಹಳ. ಹೊಸ ಕಾಲೇಜಿನಲ್ಲಿ ಮರಾಠಿ ವಿಭಾಗ ಇಲ್ಲದಿದ್ದರೆ 3ನೇ ಸೆಮಿಸ್ಟರ್‌ನಲ್ಲಿ ಭಾಷೆ ಬದಲಿಸಬೇಕಾಗುತ್ತದೆ, ಅದಕ್ಕೂ ಅನುಮತಿ ಬೇಕು. ಬಿಎ, ಬಿಎಸ್ಸಿ ಓದುವವರು ತಮ್ಮ ಐಚ್ಛಿಕ ವಿಷಯಗಳು ಅಲ್ಲಿ ಇವೆಯೇ ಎಂದೂ ನೋಡಬೇಕು.

ಎರಡನೆಯದು ಸ್ವಾಯತ್ತ ಕಾಲೇಜು. ಹೆಸರಿಗೆ ಅದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದರೂ ಸ್ವಾಯತ್ತ ಕಾಲೇಜು ತನ್ನದೇ ಪಠ್ಯಕ್ರಮ ರೂಪಿಸಿ ತಾನೇ ಪರೀಕ್ಷೆ ನಡೆಸುತ್ತದೆ. ಅಲ್ಲಿಗೆ ಹೋಗುವಾಗ ನಿಮ್ಮ ಮೊದಲ ವರ್ಷದ ಪತ್ರಿಕೆಗಳನ್ನು ಅವರ ಪತ್ರಿಕೆಗಳ ಜೊತೆ ಹೋಲಿಸಿ ನೋಡಲೇಬೇಕಾಗುತ್ತದೆ. ಊರು ಅದೇ, ವಿಶ್ವವಿದ್ಯಾಲಯ ಅದೇ ಎಂದು ಅಂದುಕೊಂಡು ಮೋಸ ಹೋಗಬೇಡಿ.

ಖಾನಾಪುರದಿಂದ ಧಾರವಾಡಕ್ಕೆ: ವಿಶ್ವವಿದ್ಯಾಲಯ ಬೇರೆ

ಈಗ ಅದೇ ವಿದ್ಯಾರ್ಥಿನಿಯ ಮನೆ ಬೆಳಗಾವಿಗೆ ಅಲ್ಲ, ಧಾರವಾಡಕ್ಕೆ ಹೋಯಿತು ಎಂದುಕೊಳ್ಳಿ. ಅಲ್ಲಿನ ಪದವಿ ಕಾಲೇಜುಗಳು ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆರಂಭವಾಗುವ ಮೊದಲು ಬೆಳಗಾವಿಯ ಕಾಲೇಜುಗಳೂ ಅದಕ್ಕೇ ಸೇರಿದ್ದವು. ಈಗ ಎರಡೂ ಬೇರೆ ಬೇರೆ, ಪಠ್ಯಕ್ರಮವೂ ಬೇರೆ.

ಇಲ್ಲಿ ನಡೆಯುವ ಕೆಲಸಕ್ಕೆ ತತ್ಸಮಾನತೆ ಪರಿಶೀಲನೆ ಎನ್ನುತ್ತಾರೆ. ಹೊಸ ವಿಶ್ವವಿದ್ಯಾಲಯ ನಿಮ್ಮ ಹಳೆಯ ಪಠ್ಯಕ್ರಮವನ್ನು ಪತ್ರಿಕೆ ಪತ್ರಿಕೆಯಾಗಿ ತನ್ನ ಪಠ್ಯಕ್ರಮದ ಪಕ್ಕ ಇಟ್ಟು ನೋಡುತ್ತದೆ. ಪತ್ರಿಕೆಯ ಹೆಸರು ಒಂದೇ ಇದ್ದರೆ ಸಾಲದು, ಒಳಗಿನ ಪಾಠಗಳು ಮತ್ತು ಕ್ರೆಡಿಟ್ ಸಂಖ್ಯೆ ಹೊಂದಬೇಕು.

ನಮ್ಮ ಉದಾಹರಣೆಯಲ್ಲಿ ಅವಳ 40 ಕ್ರೆಡಿಟ್‌ಗಳ ಪೈಕಿ 36 ಹೊಂದಿದವು ಎನ್ನೋಣ. 4 ಕ್ರೆಡಿಟ್‌ನ ಒಂದು ಪತ್ರಿಕೆಗೆ ಅಲ್ಲಿ ಜೋಡಿಯೇ ಇಲ್ಲ. ಅದರ ಬದಲು ಧಾರವಾಡದವರು ಮೊದಲ ವರ್ಷದಲ್ಲೇ ಓದಿ ಮುಗಿಸಿದ ಇನ್ನೊಂದು ಪತ್ರಿಕೆಯನ್ನು ಇವಳು ಓದಿಲ್ಲ. ಎಬಿಸಿ ಖಾತೆಯಲ್ಲಿ ಈಗಲೂ 40 ಎಂದೇ ಕಾಣುತ್ತದೆ. ಆದರೆ ಪದವಿಗೆ ಲೆಕ್ಕಕ್ಕೆ ಬರುವುದು 36. ಅವಳು 3ನೇ ಸೆಮಿಸ್ಟರ್‌ನ ಪಾಠಗಳ ಜೊತೆಗೆ ಆ ಒಂದು ಪತ್ರಿಕೆಯನ್ನೂ ಓದಿ ಪರೀಕ್ಷೆ ಬರೆಯಬೇಕು. ಇದು ಗೊತ್ತಿಲ್ಲದೆ ಸೇರಿದವರಿಗೆ ಕೊನೆಯ ಸೆಮಿಸ್ಟರ್ ಮುಗಿದ ಮೇಲೆ, ಪದವಿ ಪ್ರಮಾಣಪತ್ರ ಕೇಳುವಾಗ, ಒಂದು ಪತ್ರಿಕೆ ಕಡಿಮೆ ಇದೆ ಎಂದು ತಿಳಿದರೆ ಏನು ಮಾಡುವುದು?

ತಡವಾದಷ್ಟೂ ಕಷ್ಟ ಏಕೆ?

ಎಬಿಸಿ ನಿಯಮದಲ್ಲೇ ಇನ್ನೊಂದು ಷರತ್ತು ಇದೆ. ಪದವಿಗೆ ಬೇಕಾದ ಕ್ರೆಡಿಟ್‌ಗಳಲ್ಲಿ ಕನಿಷ್ಠ ಶೇ. 50ರಷ್ಟನ್ನು ಪದವಿ ಕೊಡುವ ಸಂಸ್ಥೆಯಲ್ಲೇ ಗಳಿಸಿರಬೇಕು. 120 ಕ್ರೆಡಿಟ್ ಪದವಿಯಾದರೆ 60.

ಮೊದಲ ವರ್ಷದ ನಂತರ ಹೋದರೆ ಮುಂದೆ 80 ಕ್ರೆಡಿಟ್ ಓದುವುದು ಬಾಕಿ ಇರುತ್ತದೆ, ತೊಂದರೆ ಇಲ್ಲ. ಎರಡು ವರ್ಷ ಮುಗಿಸಿ 80 ಕ್ರೆಡಿಟ್ ಕೈಯಲ್ಲಿಟ್ಟುಕೊಂಡು ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೆ ಉಳಿಯುವುದು 40 ಮಾತ್ರ. 60 ತುಂಬಲು 20 ಕ್ರೆಡಿಟ್ ಕಡಿಮೆ, ಅಂದರೆ ಒಂದು ಪೂರ್ತಿ ಸೆಮಿಸ್ಟರ್. ಹಾಗಾಗಿ ವಿಶ್ವವಿದ್ಯಾಲಯವನ್ನೇ ಬದಲಿಸುವವರಿಗೆ 3ನೇ ಸೆಮಿಸ್ಟರ್ ಒಳ್ಳೆಯ ಸಮಯ, 5ನೇ ಸೆಮಿಸ್ಟರ್ ತೀರಾ ತಡ. ಖಾನಾಪುರದಿಂದ ಬೆಳಗಾವಿಯ ಸಂಯೋಜಿತ ಕಾಲೇಜಿಗೆ ಹೋಗುವವರಿಗೆ ಈ ಲೆಕ್ಕ ಅಡ್ಡ ಬರುವುದಿಲ್ಲ, ಏಕೆಂದರೆ ಪದವಿ ಕೊಡುವ ವಿಶ್ವವಿದ್ಯಾಲಯ ಬದಲಾಗುವುದಿಲ್ಲ.

ಓದು ಬಿಟ್ಟು ಮತ್ತೆ ಸೇರುವವರಿಗೆ

ಮದುವೆ, ಕಾಯಿಲೆ, ದುಡಿಮೆ ಎಂದು ನಡುವೆ ಓದು ಬಿಟ್ಟವರು "7 ವರ್ಷ ಮಾನ್ಯ" ಎಂಬ ಸಾಲನ್ನು ನೋಡಿ ನಿರಾಳರಾಗುತ್ತಾರೆ. ಕ್ರೆಡಿಟ್ ಉಳಿದಿರುತ್ತದೆ ನಿಜ, ಆದರೆ ಪಠ್ಯಕ್ರಮ ಅಷ್ಟು ದಿನ ಕಾಯುವುದಿಲ್ಲ. ಕರ್ನಾಟಕದಲ್ಲಿ 2021-22ರಲ್ಲಿ ಎನ್‌ಇಪಿ ಮಾದರಿಯ ಪದವಿ ಬಂತು. 2024-25ರಿಂದ ಸರ್ಕಾರ ಅದನ್ನು ಕೈಬಿಟ್ಟು ರಾಜ್ಯ ಶಿಕ್ಷಣ ನೀತಿಯಂತೆ ಮೂರು ವರ್ಷದ ಪದವಿಗೆ ಮರಳಿತು. 2023-24ರಲ್ಲಿ ಸೇರಿ ಮೊದಲ ವರ್ಷ ಮುಗಿಸಿ, ಒಂದು ವರ್ಷ ಬಿಟ್ಟು ಬಂದವರು 3ನೇ ಸೆಮಿಸ್ಟರ್‌ನಲ್ಲಿ ಕೂರುವುದು 2024-25ರಲ್ಲಿ ಸೇರಿದವರ ಜೊತೆ. ಅವರ ಪಠ್ಯಕ್ರಮ ಬೇರೆ. ಹೀಗಾಗಿ ಹಳೆಯ ಕಾಲೇಜಿಗೇ ಮರಳಿದರೂ ತತ್ಸಮಾನತೆಯ ಪ್ರಶ್ನೆ ಏಳುತ್ತದೆ.

ಯಾವುದು ಮೊದಲು, ಯಾವುದು ಆಮೇಲೆ?

ಮೊದಲು ಎಬಿಸಿ ಖಾತೆ ತೆರೆದು ನೋಡಿ. ಪಾಸಾದ ಎಲ್ಲ ಸೆಮಿಸ್ಟರ್‌ಗಳ ಕ್ರೆಡಿಟ್ ಕಾಣುತ್ತಿದೆಯೇ? ಖಾತೆ ಖಾಲಿ ಇದ್ದರೆ ವಿಶ್ವವಿದ್ಯಾಲಯ ಇನ್ನೂ ಜಮೆ ಮಾಡಿಲ್ಲ ಅಥವಾ ಹೆಸರು ಹೊಂದುತ್ತಿಲ್ಲ ಎಂದರ್ಥ. ಆಧಾರ್‌ನಲ್ಲಿ ತಂದೆಯ ಹೆಸರು, ಅಡ್ಡಹೆಸರು ಪೂರ್ತಿ ಇದ್ದು, ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಷಿಯಲ್ ಮಾತ್ರ ಇದ್ದರೆ ಹೀಗಾಗಬಹುದು. ಇದನ್ನು ಹಳೆಯ ಕಾಲೇಜಿನಲ್ಲಿ ಇರುವಾಗಲೇ ಸರಿಪಡಿಸಿಕೊಳ್ಳಿ.

ನಂತರ ಹೊಸ ಕಾಲೇಜಿನಲ್ಲಿ ಸೀಟು, ಭಾಷೆ, ವಿಷಯಗಳ ಬಗ್ಗೆ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ವಿಶ್ವವಿದ್ಯಾಲಯ ಬೇರೆಯಾದರೆ ಎಲ್ಲ ಮಾರ್ಕ್ಸ್ ಕಾರ್ಡ್‌ಗಳ ಜೊತೆ ಹಳೆಯ ಕಾಲೇಜು ದೃಢೀಕರಿಸಿದ ಪಠ್ಯಕ್ರಮದ ಪ್ರತಿ ಕೊಟ್ಟು ತತ್ಸಮಾನತೆಗೆ ಅರ್ಜಿ ಹಾಕಿ. ಎಷ್ಟು ಕ್ರೆಡಿಟ್ ಒಪ್ಪಿದ್ದಾರೆ, ಯಾವ ಪತ್ರಿಕೆ ಹೆಚ್ಚುವರಿಯಾಗಿ ಬರೆಯಬೇಕು ಎಂಬುದು ಪತ್ರದಲ್ಲಿ ಇರಲಿ. "ಆಮೇಲೆ ನೋಡೋಣ ಬಿಡ್ರಿ" ಎಂಬ ಬಾಯಿಮಾತು ಸಾಲದು.

ಈ ಪತ್ರ ಕೈಗೆ ಬಂದ ಮೇಲಷ್ಟೇ ಟಿಸಿ ತೆಗೆದುಕೊಳ್ಳಿ. ವಿಶ್ವವಿದ್ಯಾಲಯ ಬದಲಾದರೆ ಮೈಗ್ರೇಷನ್ ಸರ್ಟಿಫಿಕೇಟ್ ಕೂಡ ಬೇಕು. ಟಿಸಿ ಪಡೆದ ಕ್ಷಣವೇ ಹಳೆಯ ಕಾಲೇಜಿನಲ್ಲಿ ನಿಮ್ಮ ಹೆಸರು ಹೋಗುತ್ತದೆ ಎಂಬುದು ನೆನಪಿರಲಿ.

ಸೇರಿದ ಮೇಲೆ ಇನ್ನೊಂದು ಪರೀಕ್ಷೆ ನೀವೇ ಮಾಡಿಕೊಳ್ಳಬಹುದು. ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆ ಕೆಲಸ ನಡೆಯುವ UUCMS ತಾಣಕ್ಕೆ ಲಾಗಿನ್ ಆಗಿ ನೋಡಿ. ಅಲ್ಲಿ ಇನ್ನೂ ಹಳೆಯ ಕಾಲೇಜಿನ ಹೆಸರೇ ಇದ್ದರೆ ವರ್ಗಾವಣೆ ಮುಗಿದಿಲ್ಲ. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನದವರೆಗೆ ಕಾಯದೆ ಕಾಲೇಜಿನ ಕಚೇರಿಗೆ ಹೋಗಿ ಕೇಳಿ. ವಿದ್ಯಾರ್ಥಿವೇತನ ಬರುತ್ತಿದ್ದರೆ ಅದರ ಅರ್ಜಿಯಲ್ಲೂ ಹೊಸ ಕಾಲೇಜಿನ ವಿವರ ಬರಬೇಕು.

ಹಾಗಾದರೆ ಸಂದೇಶ ನಿಜವೇ?

ಎಬಿಸಿ ಐಡಿ ಇದೆ, ಅದರಲ್ಲಿ ಕ್ರೆಡಿಟ್ ಉಳಿಯುತ್ತದೆ ಎಂಬುದು ನಿಜ. ಟಿಸಿ ಬೇಡ, ಯಾವಾಗ ಬೇಕಾದರೂ ಹೋಗಬಹುದು, ಕ್ರೆಡಿಟ್ ತಾನಾಗಿಯೇ ಬರುತ್ತದೆ ಎಂಬುದು ಸುಳ್ಳು. ಈ ಸಂದೇಶ ನಿಮ್ಮ ಗುಂಪಿಗೆ ಬಂದರೆ ಅದರ ಕೆಳಗೆ ಒಂದು ಸಾಲು ಬರೆಯಿರಿ: "ಹೊಸ ವಿಶ್ವವಿದ್ಯಾಲಯದ ಒಪ್ಪಿಗೆ ಪತ್ರ ಬರುವ ತನಕ ಟಿಸಿ ತೆಗೆದುಕೊಳ್ಳಬೇಡಿ."