ಮಾರಿ ಒಂದು ಬಣ್ಣ, ಕೈ ಒಂದು ಬಣ್ಣ

ಸಂಬಂಧ ನೋಡೋಕೆ ಕಳಿಸೋ ಫೋಟೋಗಳನ್ನು ಒಮ್ಮೆ ದೊಡ್ಡದು ಮಾಡಿ ನೋಡ್ರಿ. ಹತ್ತರಲ್ಲಿ ನಾಲ್ಕೈದರಲ್ಲಾದ್ರೂ ಮುಖ ಹಾಲಿನಂಗ ಇರ್ತದೆ, ಕುತ್ತಿಗೆ ಗೋಧಿ ಬಣ್ಣ, ಮಡಿಲಲ್ಲಿಟ್ಟ ಕೈ ಇನ್ನೊಂದು ಬಣ್ಣ. ಟಚಪ್ ಮಾಡಿದವರ ಗಮನವೆಲ್ಲ ಮುಖದ ಮೇಲೆ, ಗಲ್ಲದ ಗೆರೆ ಬಂದ ಕೂಡಲೇ ಕೆಲಸ ನಿಂತಿರ್ತದೆ. ಹೋದ ತಿಂಗಳು ನಮ್ಮ ಚಿಗವ್ವನ ಮಗಳ ಫೋಟೋ ಧಾರವಾಡದ ಒಂದು ಸ್ಟುಡಿಯೋದಿಂದ ಹಿಂಗೇ ಬಂತು. ಅಜ್ಜಿ ಮೊಬೈಲ್ ಹಿಡಿದು ನೋಡಿ, "ಇದೇನೋ ತಮ್ಮಾ, ಮಾರಿ ಬ್ಯಾರೆ ಯಾರದರ ತಂದು ಹಚ್ಯಾರೇನು?" ಅಂದಳು.

ಅಜ್ಜಿ ಕಣ್ಣಿಗೆ ಬಿದ್ದದ್ದು ಏನು ಅಂತ ನಂಬರಿನಲ್ಲಿ ನೋಡೋಣ ಅಂತ ಫೋಟೋವನ್ನು ಗಿಂಪ್‌ನಲ್ಲಿ ತೆರೆದೆ. ಇದು ಉಚಿತ ಸಾಫ್ಟ್‌ವೇರ್, ಯಾವ ಲ್ಯಾಪ್‌ಟಾಪ್‌ನಲ್ಲೂ ನಡೀತದೆ. ಅದರ ಕಲರ್ ಪಿಕ್ಕರ್‌ನಲ್ಲಿ Sample average ಆನ್ ಮಾಡಿ ರೇಡಿಯಸ್ 10ರಷ್ಟು ಇಟ್ಕೊಳ್ರಿ. ಇಲ್ಲಾಂದ್ರೆ ಒಂದೇ ಪಿಕ್ಸೆಲ್ಲಿನ ಬಣ್ಣ ಸಿಗ್ತದೆ, ಅದು ರಂಧ್ರದ್ದೋ ಕೂದಲಿನದ್ದೋ ಹೇಳೋಕಾಗಲ್ಲ. ನನಗೆ ಸಿಕ್ಕಿದ್ದು ಇದು: ಕೆನ್ನೆಯ ಕೆಂಪು, ಹಸಿರು, ನೀಲಿ ಅಂಶ 222, 186, 172. ಕುತ್ತಿಗೆ 170, 122, 88. ಕೈಯ ಹಿಂಭಾಗ 152, 106, 76.

ಇದನ್ನೇ HSV ಲೆಕ್ಕದಲ್ಲಿ ನೋಡಿದ್ರೆ ರೋಗ ಎದ್ದು ಕಾಣ್ತದೆ. H ಅಂದ್ರೆ ಬಣ್ಣದ ಜಾತಿ: 0 ಕೆಂಪು, 60 ಹಳದಿ. S ಅಂದ್ರೆ ಬಣ್ಣದ ಗಾಢತೆ, V ಬೆಳಕು. ಕುತ್ತಿಗೆ 25 ಡಿಗ್ರಿ, ಗಾಢತೆ 48, ಬೆಳಕು 67. ಕೈ 24 ಡಿಗ್ರಿ, ಗಾಢತೆ 50, ಬೆಳಕು 60. ಅಂದ್ರೆ ಕೈ ಮತ್ತು ಕುತ್ತಿಗೆ ಒಂದೇ ಮನೆಯವು, ಬೆಳಕಷ್ಟೇ ಸ್ವಲ್ಪ ಹೆಚ್ಚುಕಮ್ಮಿ. ಮುಖ ಮಾತ್ರ 17 ಡಿಗ್ರಿ, ಗಾಢತೆ 23, ಬೆಳಕು 87. ಬೆಳ್ಳಗೆ ಮಾಡೋ ಭರದಲ್ಲಿ ಚರ್ಮದ ಬಣ್ಣ ಅರ್ಧಕ್ಕರ್ಧ ತೊಳೆದುಹೋಗಿದೆ, ಮೇಲೆ ಗುಲಾಬಿ ಛಾಯೆ ಬೇರೆ ಬಳಿದಿದ್ದಾರೆ.

ಇಲ್ಲಿ ಗಮನಿಸಬೇಕಾದ್ದು, ಬೆಳಕಿನ ವ್ಯತ್ಯಾಸ ತಪ್ಪಲ್ಲ. ಗಲ್ಲದ ನೆರಳು ಬೀಳೋದ್ರಿಂದ ಕುತ್ತಿಗೆ ಯಾವಾಗಲೂ ಸ್ವಲ್ಪ ಕಪ್ಪು. ದಿನಾ ಸ್ಕೂಟಿ ಓಡಿಸೋರ ಕೈ ಇನ್ನೂ ಕಪ್ಪು. ಕಣ್ಣು ಅದನ್ನು ಒಪ್ಪಿಕೊಳ್ತದೆ. ಬಣ್ಣದ ಜಾತಿ ಮತ್ತು ಗಾಢತೆ ಬೇರೆಯಾದಾಗಲೇ "ಬ್ಯಾರೆ ಯಾರದೋ ಮಾರಿ" ಅನ್ಸೋದು. ಆದ್ದರಿಂದ ಮೂರನ್ನೂ ಒಂದೇ ಬಣ್ಣಕ್ಕೆ ತರೋಕೆ ಹೋಗಬೇಡ್ರಿ, ಗೊಂಬೆಯಂಗ ಆಗ್ತದೆ.

ಹೆಚ್ಚಿನವರು ಮಾಡೋದು ಕುತ್ತಿಗೆ, ಕೈಗಳನ್ನೂ ಮುಖದಷ್ಟೇ ಬೆಳ್ಳಗೆ ಮಾಡೋದು. ನಾನು ಅದರ ವಿರುದ್ಧ. 2020ರಲ್ಲಿ ಆ ಪ್ರಸಿದ್ಧ ಕ್ರೀಮು ತನ್ನ ಹೆಸರಿನಿಂದ ‘ಫೇರ್’ ತೆಗೆದುಹಾಕಿತು, ನಮ್ಮ ಸ್ಲೈಡರುಗಳಿಂದ ಇನ್ನೂ ಹೋಗಿಲ್ಲ. ಆ ಮಾತು ಬಿಟ್ಟರೂ ಕೆಲಸದ ಕಾರಣವೇ ಸಾಕು. ಕೈಯನ್ನು ಬೆಳ್ಳಗೆ ಎಳೆದ್ರೆ ನೆರಳಿನಲ್ಲಿದ್ದ ಕಾಳುಕಾಳು ಕಲೆಗಳೆಲ್ಲ ಮೇಲೆ ಬರ್ತಾವೆ, ಬಳೆ ಮತ್ತು ಸೀರೆ ಅಂಚಿನ ಸುತ್ತ ಬಿಳಿ ಗೆರೆ ಏಳ್ತದೆ. ಕೆಟ್ಟಿರೋದು ಮುಖ, ಅದನ್ನೇ ಕುತ್ತಿಗೆ ಕಡೆ ತರೋದು ಸುಲಭ.

ಟಚಪ್‌ಗೆ ಮುಂಚಿನ ಫೋಟೋ ಸಿಕ್ಕರೆ ಅರ್ಧ ಕೆಲಸ ಮುಗೀತು. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸ್ರಿ ಅಂತ ಕೇಳಿ, ಸುಮ್ಮನೆ ಫೋಟೋ ಕಳಿಸಿದ್ರೆ ಅದು ಕುಗ್ಗಿರ್ತದೆ. ಮೊದಲು ಟಚಪ್ ಪದರದ ಬೆಳಕನ್ನು ಕರ್ವ್ಸ್‌ನಿಂದ ಸ್ವಲ್ಪ ಇಳಿಸಿ. ಆಮೇಲೆ ಮೂಲ ಫೋಟೋವನ್ನು ಅದರ ಮೇಲಿನ ಪದರವಾಗಿ ಹಾಕಿ, ಪದರದ ಮೋಡನ್ನು LCh Color ಮಾಡಿ. ಈಗ ಬಣ್ಣ ಮೂಲದ್ದು, ಬೆಳಕು ಮತ್ತು ನಯ ಟಚಪ್‌ನದ್ದು. ಮೊಡವೆಯ ಕೆಂಪು ಕಲೆ ಬಣ್ಣವಾದ್ದರಿಂದ ಅದೂ ವಾಪಸ್ ಬರ್ತದೆ. ಮೇಲಿನ ಪದರಕ್ಕೆ 15 ಪಿಕ್ಸೆಲ್ಲಿನಷ್ಟು ಬ್ಲರ್ ಕೊಟ್ಟರೆ ಅದು ಕರಗ್ತದೆ. ಆದ್ರೆ ಮುಖ ತೆಳ್ಳಗೆ ಮಾಡಿದ್ರೆ ಎರಡು ಪದರ ಒಂದರ ಮೇಲೊಂದು ಕೂರೋದಿಲ್ಲ, ಆಗ ಈ ದಾರಿ ಬಂದ್.

ನಮಗೆ ಮೂಲ ಸಿಗಲಿಲ್ಲ, ಅದಕ್ಕೆ ಮುಖದ ಪದರದ ಒಂದು ಪ್ರತಿ ಮಾಡಿ ಕರ್ವ್ಸ್ ಹಾಕಿದೆ. ಗುರಿ ಹಿಂಗ: ಬಣ್ಣದ ಜಾತಿ ಕುತ್ತಿಗೆಯದೇ, ಗಾಢತೆ ಸ್ವಲ್ಪ ಕಡಿಮೆ (ಮುಖಕ್ಕೆ ಬೆಳಕು ಹೆಚ್ಚು ಬೀಳ್ತದಲ್ಲ), ಬೆಳಕು ಕುತ್ತಿಗೆಗಿಂತ ಹತ್ತು ಅಂಶ ಜಾಸ್ತಿ. ಅದು 198, 148, 114ಕ್ಕೆ ಹತ್ತಿರ. ಹಂಗಾದ್ರೆ ಕೆಂಪು ಚಾನೆಲ್‌ನಲ್ಲಿ 222ರ ಜಾಗಕ್ಕೆ ಒಂದು ಚುಕ್ಕಿ ಇಟ್ಟು 198ಕ್ಕೆ ಇಳಿಸಿದೆ, ಹಸಿರಿನಲ್ಲಿ 186ನ್ನು 148ಕ್ಕೆ, ನೀಲಿಯಲ್ಲಿ 172ನ್ನು 114ಕ್ಕೆ. ನೀಲಿಯೇ ಹೆಚ್ಚು ಇಳಿದದ್ದು ನೋಡ್ರಿ. ಅದನ್ನು ಇಳಿಸಿದಷ್ಟೂ ಹಳದಿ ವಾಪಸ್ ಬರ್ತದೆ, ನಮ್ಮ ಚರ್ಮದಿಂದ ಕಳೆದುಹೋಗಿದ್ದು ಅದೇ. ಈಗ ಕೆನ್ನೆ 24 ಡಿಗ್ರಿ, ಗಾಢತೆ 42, ಬೆಳಕು 78.

ಇದನ್ನು ಮುಖಕ್ಕಷ್ಟೇ ತೋರಿಸೋಕೆ ಲೇಯರ್ ಮಾಸ್ಕ್ ಬೇಕು, ಕೆಲಸ ಕೆಡೋದು ಇಲ್ಲೇ. ಕಣ್ಣಿನ ಬಿಳಿ ಮತ್ತು ಹಲ್ಲನ್ನು ಮಾಸ್ಕ್‌ನಿಂದ ಹೊರಗಿಡ್ರಿ, ಇಲ್ಲದಿದ್ರೆ ಕಾಮಾಲೆ ಬಂದವರಂಗ ಕಾಣ್ತಾರೆ. ಗಲ್ಲದ ಗೆರೆಯಲ್ಲಿ ಅಂಚು ಮೆತ್ತಗಿರಲಿ: 4000 ಪಿಕ್ಸೆಲ್ ಎತ್ತರದ ಫೋಟೋದಲ್ಲಿ ನಾನು 50 ಪಿಕ್ಸೆಲ್ಲಿನಷ್ಟು ಕೊಟ್ಟೆ, ಕೂದಲಿನ ಕಡೆ 10 ಸಾಕಾಯ್ತು. ಕಿವಿಯನ್ನು ಬೇರೆಯಾಗಿ ನೋಡ್ರಿ. ಟಚಪ್ ಮಾಡಿದವರು ಬಹಳ ಸಲ ಕಿವಿಯನ್ನು ಮರೆತಿರ್ತಾರೆ. ಹಂಗಿದ್ರೆ ಅದರಲ್ಲಿ ಹಳೇ ಸರಿಯಾದ ಬಣ್ಣವೇ ಉಳಿದಿರ್ತದೆ, ಕುತ್ತಿಗೆಗಿಂತ ಒಳ್ಳೆಯ ಅಳತೆಗೋಲು ಅದೇ.

ಕುತ್ತಿಗೆಯ ಅಳತೆ ಎಲ್ಲಿಂದ ತಗೋತೀರಿ ಅನ್ನೋದೂ ಮುಖ್ಯ. ಇವಳು ಉಟ್ಟಿದ್ದು ಇಳಕಲ್ ಸೀರೆ, ಹೆಗಲ ಮೇಲೆ ಕೆಂಪು ಸೆರಗು. ಆ ಕೆಂಪು ಗಲ್ಲದ ಕೆಳಗೆ ಪ್ರತಿಫಲಿಸಿ ಅಲ್ಲಿ ಬಣ್ಣ 15 ಡಿಗ್ರಿಗೆ ಇಳಿದಿತ್ತು. ಅಲ್ಲಿಂದ ಅಳತೆ ತಗೊಂಡಿದ್ರೆ ಮುಖವೆಲ್ಲ ಕೆಂಪಾಗ್ತಿತ್ತು. ಕಿವಿಯ ಕೆಳಗೆ, ಬಟ್ಟೆಯಿಂದ ದೂರ ಇರೋ ಜಾಗದಿಂದ ತಗೊಳ್ರಿ. ಸೆರಗಿನ ಕೆಂಪು ನೆರಳನ್ನು ಹಂಗೇ ಬಿಡ್ರಿ, ನಿಜವಾದ ಬೆಳಕು ಅದು. ಅಂಗೈಯಿಂದಂತೂ ಬೇಡವೇ ಬೇಡ. ಅಂಗೈಯಲ್ಲಿ ಮೆಲನಿನ್ ಕಡಿಮೆ, ಎಲ್ಲರದ್ದೂ ತಿಳಿಯಾಗಿ ಗುಲಾಬಿಯಾಗೇ ಇರ್ತದೆ.

ಫೋನಿನಲ್ಲೇ ಮಾಡೋರಿಗೆ ಸ್ನ್ಯಾಪ್‌ಸೀಡ್ ಇದೆ. ಕರ್ವ್ಸ್‌ನಲ್ಲಿ ನೀಲಿಯನ್ನು ಹೆಚ್ಚು, ಹಸಿರನ್ನು ಕಡಿಮೆ, ಕೆಂಪನ್ನು ಇನ್ನೂ ಕಡಿಮೆ ಇಳಿಸಿ. ಆಮೇಲೆ View edits ಒಳಗೆ ಹೋಗಿ ಆ ಎಡಿಟನ್ನು ಬ್ರಷ್‌ನಿಂದ ಮುಖದ ಮೇಲಷ್ಟೇ ಬಳೀರಿ. ಅಲ್ಲಿ ನಂಬರ್ ಸಿಗಲ್ಲ, ಕಣ್ಣಳತೆಯೇ ಗತಿ. ಕಣ್ಣಿಗೆ ಸಹಾಯಕ್ಕೆ ಒಂದು ಉಪಾಯ: ಮುಗಿದ ಮೇಲೆ ಸ್ಯಾಚುರೇಶನ್ ಪೂರ್ತಿ ಏರಿಸಿ ನೋಡಿ, ಸೇವ್ ಮಾಡದೆ ಹೊರಬನ್ನಿ. ಎಲ್ಲಾ ಚರ್ಮ ಒಂದೇ ಕಿತ್ತಳೆಯಾದ್ರೆ ಸರಿ, ಎಲ್ಲಾದ್ರೂ ಗುಲಾಬಿ ತೇಪೆ ಕಂಡ್ರೆ ಮಾಸ್ಕ್ ಅಲ್ಲಿ ಮುಟ್ಟಿಲ್ಲ ಅಂತ. ಅದಕ್ಕೂ ಮೊದಲು ಫೋನಿನ ನೈಟ್ ಮೋಡ್ ಆಫ್ ಮಾಡ್ರಿ, ಅದು ಪರದೆಯನ್ನೇ ಹಳದಿ ಮಾಡಿರ್ತದೆ.

ಹಣೆ, ಮೂಗಿನ ತುದಿಯಲ್ಲಿ ಮೂರೂ ಅಂಶ 250 ದಾಟಿದ್ರೆ ಮಾತ್ರ ಈ ಯಾವುದೂ ನಡೆಯಲ್ಲ. ಅಲ್ಲಿ ಚರ್ಮದ ವಿವರವೇ ಉಳಿದಿಲ್ಲ, ಏನು ಹಾಕಿದರೂ ಗೋಡೆಗೆ ಡಿಸ್ಟೆಂಪರ್ ಹೊಡೆದಂಗ ಕೂರ್ತದೆ. ಅಂಥ ಫೋಟೋ ಆದ್ರೆ ಸ್ಟುಡಿಯೋಗೆ ಹೋಗಿ ಮೂಲ ಫೈಲ್ ಕೇಳ್ರಿ, ಕೊಡಲಿಲ್ಲ ಅಂದ್ರೆ ಕಿಟಕಿ ಪಕ್ಕ ನಿಲ್ಲಿಸಿ ಇನ್ನೊಂದು ತೆಗೀರಿ.